ಪಿಗ್ಮಿ ಆ್ಯಪ್ ಜೊತೆ 12 ವಾರ: ಪ್ರಾಡಕ್ಟ್ ಕೆಲಸ ತನಗೆ ಒಗ್ಗುತ್ತದಾ ಎಂದು ಒಬ್ಬ ಡೆವಲಪರ್ ಪರೀಕ್ಷಿಸಿದ ಪ್ರಕರಣ

ನಮ್ಮದು ಬೆಳಗಾವಿಯ ಟಿಳಕವಾಡಿಯಲ್ಲಿರುವ ಚಿಕ್ಕ ಸಾಫ್ಟ್‌ವೇರ್ ಕಂಪನಿ. ಪತ್ತಿನ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಅದರ ಜೊತೆಗೆ ಪಿಗ್ಮಿ ಏಜೆಂಟರು ಬಳಸುವ ಒಂದು ಮೊಬೈಲ್ ಆ್ಯಪ್ ಇದೆ. ಪಿಗ್ಮಿ ಅಂದರೆ ಗೊತ್ತಲ್ವಾ? ಏಜೆಂಟರು ದಿನಾ ಅಂಗಡಿಗೆ ಬಂದು 50, 100 ರೂಪಾಯಿ ಪಡೆದು ನಮ್ಮ ಖಾತೆಗೆ ಜಮಾ ಮಾಡುವ ಪದ್ಧತಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು. ನಮ್ಮ ಕಡೆಯ ಪೇಟೆಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ನಡೆದಿದೆ.

ಆ ಆ್ಯಪ್‌ನ ಸರ್ವರ್ ಕಡೆಯ ಕೆಲಸ ಬಹುಪಾಲು ಒಬ್ಬಳೇ ಡೆವಲಪರ್‌ದು. ಗೋಕಾಕದ ಹುಡುಗಿ, 6 ವರ್ಷದ ಅನುಭವ. ತಂಡದಲ್ಲಿ ಅವಳಷ್ಟು ಬೇಗ ದೋಷ ಹುಡುಕುವವರು ಇನ್ನೊಬ್ಬರಿಲ್ಲ. ವರ್ಷದ ಮಾತುಕತೆಗೆ ಕೂತಾಗ ಅವಳು ಹೇಳಿದಳು: "ಸರ್ರ, ನಾವು ಮಾಡಿದ್ದರಾಗ ಅರ್ಧಕ್ಕರ್ಧ ಯಾರೂ ಬಳಸೂದಿಲ್ಲ. ಏನ್ ಮಾಡಬೇಕು ಅನ್ನೂದನ್ನ ಬ್ಯಾರೆಯವರು ನಿರ್ಧಾರ ಮಾಡ್ತಾರ, ನಾವು ಕಟ್ಟತೀವಿ. ನನಗ ಪ್ರಾಡಕ್ಟ್ ಕಡೆ ಹೋಗಬೇಕಾಗೇತ್ರಿ."

ನನಗೆ ಖುಷಿಯಾಯಿತು. ಏನು ಕಟ್ಟಬೇಕು ಎಂದು ನಿರ್ಧರಿಸುವ ಪ್ರಾಡಕ್ಟ್ ಮ್ಯಾನೇಜರ್ ಜಾಗ ಖಾಲಿಯೇ ಇತ್ತು. ಅವಳು ಚೆನ್ನಾಗಿ ಮಾತಾಡುತ್ತಾಳೆ, ಸಿಸ್ಟಮ್ ಪೂರ್ತಿ ಗೊತ್ತಿದೆ. ಇನ್ನೇನು ಬೇಕು ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ. "ಏನು ಮಾಡಬೇಕು ಎಂದು ನಾನು ನಿರ್ಧರಿಸಬೇಕು" ಅನ್ನುವ ಆಸೆಯೇ ಬೇರೆ, ಪ್ರಾಡಕ್ಟ್ ಮ್ಯಾನೇಜರ್‌ನ ದಿನದ ಕೆಲಸವೇ ಬೇರೆ. ಆ ಕೆಲಸದಲ್ಲಿ ನಿರ್ಧಾರ ಅನ್ನುವುದು ಸ್ವಲ್ಪ ಹೊತ್ತಿನದು. ಅದರ ಹಿಂದೆ ಹುಡುಕಾಟ ಇರುತ್ತದೆ. ಮುಂದೆ, ತನ್ನ ಕೈಕೆಳಗೆ ಇಲ್ಲದ ಹತ್ತು ಮಂದಿಯನ್ನು ಒಪ್ಪಿಸುವ ಕೆಲಸ ಇರುತ್ತದೆ.

ಅದೃಷ್ಟಕ್ಕೆ, ಸೀದಾ ಹುದ್ದೆ ಬದಲಿಸದೆ 12 ವಾರ ಪ್ರಯೋಗ ಮಾಡೋಣ ಎಂದು ಅವಳೇ ಕೇಳಿದಳು. ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಸಂಬಳ ಹಾಗೇ ಇರುತ್ತದೆ. ಡೆವಲಪರ್ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ. ವಾಪಸು ಬಂದರೆ ಅದನ್ನು ಯಾರೂ ಸೋಲು ಎನ್ನುವುದಿಲ್ಲ. ಈ 12 ವಾರ ಅವಳು ಕೋಡ್ ಬರೆಯುವಂತಿಲ್ಲ. ಕೊನೆಯ ಷರತ್ತು ನನ್ನದು. ಕೋಡ್ ಕೈಗೆ ಸಿಗುವಂತಿದ್ದರೆ ಮನುಷ್ಯ ಕಷ್ಟದ ಕೆಲಸ ಬಿಟ್ಟು ಅದರ ಕಡೆಗೇ ಓಡುತ್ತಾನೆ. ಆಗ ಹೊಸ ಕೆಲಸ ಒಗ್ಗಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಜೊತೆಗೆ ಒಂದು ನೋಟ್‌ಬುಕ್. ದಿನಾ ಸಂಜೆ ಅದರಲ್ಲಿ ಮೂರೇ ಸಾಲು. ಇವತ್ತು ಯಾರೂ ಹೇಳದೆ ನಾನಾಗಿ ಮಾಡಿದ ಕೆಲಸ ಯಾವುದು? ನಾಳೆಗೆ ತಳ್ಳಿದ್ದು ಯಾವುದು? ಹೊತ್ತು ಹೋದದ್ದೇ ತಿಳಿಯದಂತೆ ಮಾಡಿದ್ದು ಯಾವುದು? "ನಿಮಗೆ ಜನರ ಜೊತೆ ಬೆರೆಯುವುದು ಇಷ್ಟವೇ" ಎಂಬಂಥ ಪ್ರಶ್ನಾವಳಿಗಳನ್ನು ನಾನು ನಂಬುವುದಿಲ್ಲ. ಅಲ್ಲಿ ನಾವು ಹೇಗಿರಬೇಕು ಅಂದುಕೊಂಡಿದ್ದೇವೋ ಅದನ್ನೇ ಬರೆದುಬಿಡುತ್ತೇವೆ. ನಾಳೆಗೆ ತಳ್ಳಿದ ಕೆಲಸಗಳ ಪಟ್ಟಿಯನ್ನು ಹಾಗೆ ಚಂದ ಮಾಡಿ ಬರೆಯಲು ಬರುವುದಿಲ್ಲ.

ಅವಳ ಕೈಗೆ ಕೊಟ್ಟ ಸಮಸ್ಯೆ ಇದು. ಒಂದು ಸಹಕಾರಿ ಸಂಘದಿಂದ ಪತ್ರ ಬಂದಿತ್ತು. ಏಜೆಂಟರು ಅಂಗಡಿಯ ಮುಂದೆ ನಿಂತು ಎಂಟ್ರಿ ಮಾಡುತ್ತಿಲ್ಲ, ರಾತ್ರಿ ಎಲ್ಲವನ್ನೂ ಒಟ್ಟಿಗೆ ಹಾಕುತ್ತಿದ್ದಾರೆ. ಬೆಳಿಗ್ಗೆ 11ಕ್ಕೆ ಹಣ ಕೊಟ್ಟವರಿಗೆ ರಾತ್ರಿ 8:30ಕ್ಕೆ ಮೆಸೇಜ್ ಬರುತ್ತದೆ. ಗಿರಾಕಿಗಳು ಜಗಳಕ್ಕೆ ಬರುತ್ತಿದ್ದಾರೆ. ಹಣ ಇಡೀ ದಿನ ಲೆಕ್ಕವಿಲ್ಲದೆ ಏಜೆಂಟರ ಕೈಯಲ್ಲಿರುತ್ತದೆ. ಆದ್ದರಿಂದ ಆ್ಯಪ್‌ಗೆ ಜಿಪಿಎಸ್ ಹಾಕಿ, ಅಂಗಡಿಯಿಂದ ದೂರ ಇದ್ದರೆ ಎಂಟ್ರಿ ಆಗಬಾರದು.

ಮೊದಲು ಅವಳು ನೋಡಿದ್ದು ಡೇಟಾ. ಅಲ್ಲಿ ಅವಳ ಹಳೆಯ ಕಸುಬು ಚೆನ್ನಾಗಿ ಕೈಹಿಡಿಯಿತು.

```sql
SELECT HOUR(entry_time) AS h, COUNT(*) AS n
FROM collections
WHERE agent_id = 17
GROUP BY h ORDER BY h;
```

ಒಬ್ಬ ಏಜೆಂಟರು ಯಾವ ಗಂಟೆಯಲ್ಲಿ ಎಷ್ಟು ಎಂಟ್ರಿ ಮಾಡಿದ್ದಾರೆ ಎಂಬ ಲೆಕ್ಕ ಇದು. 10 ಎಂಟ್ರಿಗಳಲ್ಲಿ 7 ಸಂಜೆ 7ರ ನಂತರದವು. ಸಮಯಗಳನ್ನು ಒಂದೊಂದಾಗಿ ನೋಡಿದರೆ ಎಂಟ್ರಿಯಿಂದ ಎಂಟ್ರಿಗೆ ಅಂತರ 10–12 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಯಾರೂ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಿ ಹಣ ಎಣಿಸಿಕೊಳ್ಳಲಾರರು. ಸಂಘದವರು ಹೇಳಿದ್ದು ನಿಜವೇ ಆಗಿತ್ತು.

ಆದರೆ ಮೂರನೇ ದಿನ ಅವಳು ನನ್ನ ಮೇಜಿನ ಮೇಲಿಟ್ಟದ್ದು 9 ಪುಟದ ದಾಖಲೆ. ಅದರಲ್ಲಿ ಟೇಬಲ್‌ಗಳ ವಿನ್ಯಾಸ ಇತ್ತು, ಜಿಪಿಎಸ್ ಎಷ್ಟು ಮೀಟರ್ ತಪ್ಪಿದರೆ ಒಪ್ಪಬೇಕು ಎಂಬ ಲೆಕ್ಕ ಇತ್ತು, ನೆಟ್‌ವರ್ಕ್ ಇಲ್ಲದಾಗ ಏನಾಗಬೇಕು ಎಂಬ ಚಿತ್ರ ಇತ್ತು. ಏಜೆಂಟರು ಯಾಕೆ ಹೀಗೆ ಮಾಡುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೋಡ್ ಬರೆದು ಬಂದವರು ಬಹಳ ಜನ ಎಡವುವುದು ಇಲ್ಲೇ. ಸಮಸ್ಯೆ ಕಿವಿಗೆ ಬೀಳುವಷ್ಟರಲ್ಲಿ ತಲೆಯಲ್ಲಿ ಪರಿಹಾರ ಕಟ್ಟಲು ಶುರುವಾಗಿರುತ್ತದೆ. ಡೆವಲಪರ್ ಆಗಿದ್ದಾಗ ಅದೇ ಅವಳ ಬಲ. "ನೋಡವ್ವಾ, ಇದನ್ನ ಇಲ್ಲೇ ಇಡು. ಏಜೆಂಟರ ಜೊತೆ ನಾಲ್ಕು ದಿನ ನಡಿ" ಎಂದೆ.

ನಮ್ಮ ಸಪೋರ್ಟ್ ವಿಭಾಗದ ಒಬ್ಬ ಹುಡುಗನನ್ನು ಜೊತೆಗೆ ಕಳಿಸಿದೆ. ಸಂಘಗಳ ಫೋನ್ ಎತ್ತುವವನು ಅವನೇ. ಮರಾಠಿ ಚೆನ್ನಾಗಿ ಬರುತ್ತದೆ, ಏಜೆಂಟರೆಲ್ಲ ಪರಿಚಯ. ಇಬ್ಬರೂ ಮೂವರು ಏಜೆಂಟರ ಹಿಂದೆ ಗಣಪತ್ ಗಲ್ಲಿ, ಖಡೇಬಜಾರ್, ರವಿವಾರ ಪೇಟೆ ಸುತ್ತಿದರು.

ಆಗ ಗೊತ್ತಾಗಿದ್ದೇ ಬೇರೆ. ಒಬ್ಬ ಏಜೆಂಟರಿಗೆ ದಿನಕ್ಕೆ 120ರ ಹತ್ತಿರ ಅಂಗಡಿ. ಆ್ಯಪ್‌ನಲ್ಲಿ ಒಂದು ಎಂಟ್ರಿಗೆ 40 ಸೆಕೆಂಡ್ ಬೇಕಾಗುತ್ತಿತ್ತು. ಹೆಸರು ಹುಡುಕಬೇಕು. "ಪಾಟೀಲ" ಎಂದು ಹಾಕಿದರೆ 14 ಜನ ಬರುತ್ತಾರೆ. ಅದೂ ಇಂಗ್ಲಿಷ್ ಅಕ್ಷರದಲ್ಲಿ, ಖಾತೆ ತೆರೆದ ಗುಮಾಸ್ತರು ಒಬ್ಬೊಬ್ಬರು ಒಂದೊಂದು ಸ್ಪೆಲಿಂಗ್‌ನಲ್ಲಿ ಬರೆದದ್ದು. ಆಮೇಲೆ ಸೊಂಟದ ಪ್ರಿಂಟರ್ ಬ್ಲೂಟೂತ್‌ಗೆ ಸೇರಿ ಚೀಟಿ ಹೊರಬರುವವರೆಗೆ ಕಾಯಬೇಕು. 120 ಅಂಗಡಿಗೆ 40 ಸೆಕೆಂಡ್ ಅಂದರೆ 80 ನಿಮಿಷ ಬರೀ ನಿಂತುಕೊಳ್ಳುವುದು. ಎದುರಿಗೆ ಅಂಗಡಿಯವರು ಗಿರಾಕಿ ಬಿಟ್ಟು ಇವರಿಗಾಗಿ ಕಾಯಬೇಕು. ಜೇಬಿನ ಡೈರಿಯಲ್ಲಿ ಬರೆದುಕೊಂಡರೆ 5 ಸೆಕೆಂಡ್, ಒಟ್ಟು 10 ನಿಮಿಷ. ರಾತ್ರಿ ಮನೆಯಲ್ಲಿ ಕೂತು ಡೈರಿ ನೋಡಿ ಖಾತೆ ಸಂಖ್ಯೆ ಹಾಕುತ್ತಾ ಹೋದರೆ ಅರ್ಧ ಗಂಟೆಯೂ ಬೇಡ.

ರವಿವಾರ ಪೇಟೆಯ ಒಬ್ಬ ಹಿರಿಯ ಏಜೆಂಟರು ಹೇಳಿದ ಮಾತನ್ನು ಅವಳು ಹಾಗೇ ಬರೆದುಕೊಂಡು ಬಂದಿದ್ದಳು: "ತಂಗಿ, ನನಗ ಯಾರ ಹೆಸರೂ ನೆನಪಿಲ್ಲ. ಅಂಗಡಿ ನೆನಪೈತಿ. ಮೂಲ್ಯಾಗಿನ ಚಾದಂಗಡಿ, ಅದರ ಬಾಜೂಕ ಬಳೆ ಅಂಗಡಿ. ನಿಮ್ಮ ಮೊಬೈಲ್‌ನ್ಯಾಗ ಅಂಗಡಿನ ಇಲ್ಲ."

ಅಂದರೆ ಏಜೆಂಟರ ತಲೆಯಲ್ಲಿ ಪಟ್ಟಿ ಇರುವುದು ನಡೆಯುವ ದಾರಿಯ ಪ್ರಕಾರ. ಆ್ಯಪ್‌ನಲ್ಲಿ ಇದ್ದದ್ದು ಹೆಸರಿನ ಪ್ರಕಾರ. ಇದಕ್ಕೆ ಜಿಪಿಎಸ್ ಹಾಕಿದ್ದರೆ ಏನಾಗುತ್ತಿತ್ತು? ಆ 80 ನಿಮಿಷ ಕಡ್ಡಾಯವಾಗುತ್ತಿತ್ತು, ಅಷ್ಟೇ. ಏಜೆಂಟರು ಕೆಲಸ ಬಿಡುತ್ತಿದ್ದರು, ಇಲ್ಲವೇ ಸಂಘವೇ ಒಂದು ವಾರದಲ್ಲಿ ಅದನ್ನು ತೆಗೆಸುತ್ತಿತ್ತು.

ಹೊಸ ಯೋಜನೆ ಎರಡು ಪುಟದಲ್ಲಿ ಮುಗಿಯಿತು. ದಾರಿಯ ಕ್ರಮದಲ್ಲಿ ಅಂಗಡಿಗಳ ಪಟ್ಟಿ, ಪ್ರತಿ ಅಂಗಡಿಯ ಮುಂದೆ ನಿನ್ನೆಯ ಮೊತ್ತ. ಅಷ್ಟೇ ಕೊಟ್ಟರೆ ಒಂದು ಒತ್ತು ಸಾಕು. ಚೀಟಿ ಕೇಳಿದವರಿಗೆ ಮಾತ್ರ ಚೀಟಿ, ಉಳಿದವರಿಗೆ ಆ ಕ್ಷಣವೇ ಮೆಸೇಜ್. ಮೊಬೈಲ್ ಇಲ್ಲದ ತರಕಾರಿ ಮಾರುವ ಅಜ್ಜಿಯರಿಗೆ ಮೊದಲಿನಂತೆ ಕಾರ್ಡಿನ ಮೇಲೆ ಸಹಿ. ಹಣ ಪಡೆದ ಸಮಯವನ್ನೂ ಮೆಸೇಜ್‌ನಲ್ಲಿ ಸೇರಿಸಬೇಕಿತ್ತು. ಅದಕ್ಕೆ ಎಸ್‌ಎಂಎಸ್‌ನ ಹೊಸ ಒಕ್ಕಣೆಯನ್ನು ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ಅದನ್ನು ಅವಳು ಮೊದಲ ದಿನವೇ ಹಾಕಿಸಿದಳು. ಹಿಂದೆ ಇದನ್ನು ಮರೆತು ರಿಲೀಸ್ ತಡವಾದದ್ದು ಅವಳಿಗೆ ನೆನಪಿತ್ತು.

ಇಲ್ಲಿಯವರೆಗೆ ಯಾರು ನೋಡಿದರೂ ಇವಳು ಪ್ರಾಡಕ್ಟ್ ಕೆಲಸಕ್ಕೇ ಹುಟ್ಟಿದವಳು ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮುಂದಿನದು ಎರಡು ಮಾತುಕತೆ. ಸಂಘದ ಮ್ಯಾನೇಜರ್‌ಗೆ ಫೋನ್ ಮಾಡಿ "ನೀವು ಕೇಳಿದ ಜಿಪಿಎಸ್ ಈಗ ಮಾಡುವುದಿಲ್ಲ" ಎಂದು ಹೇಳಬೇಕಿತ್ತು. ಅವಳ ಹತ್ತಿರ ಕಾರಣ ಇತ್ತು, ಅಂಕಿ ಇತ್ತು, ಏಜೆಂಟರ ಮಾತು ಇತ್ತು. ಆದರೂ 9 ದಿನ ಆ ಫೋನ್ ಹೋಗಲಿಲ್ಲ. ಇವತ್ತು ಇನ್ನೊಂದು ದಾರಿಯ ಡೇಟಾ ನೋಡುತ್ತೇನೆ, ನಾಳೆ ಇನ್ನೊಬ್ಬ ಏಜೆಂಟರನ್ನು ಕೇಳುತ್ತೇನೆ. ಹೀಗೇ ನಡೆಯಿತು. ದೋಷ ಹುಡುಕುವಾಗ ಇದು ಒಳ್ಳೆಯ ಗುಣ. ಮೂಲ ಕಾರಣ ನೂರಕ್ಕೆ ನೂರು ಗೊತ್ತಾಗುವ ತನಕ ಅವಳು ಕೈ ಹಾಕುವುದಿಲ್ಲ. ಆದರೆ ಪ್ರಾಡಕ್ಟ್ ಕೆಲಸದಲ್ಲಿ ಆ ನೂರು ಎಂದೂ ಸಿಗುವುದಿಲ್ಲ. ಅರವತ್ತೋ ಎಪ್ಪತ್ತೋ ಗೊತ್ತಾದಾಗ ಮಾತಾಡಬೇಕು, ತಪ್ಪಿದರೆ ತಿದ್ದಿಕೊಳ್ಳಬೇಕು.

ಆ 9 ದಿನಗಳಲ್ಲೇ ಒಂದು ರಾತ್ರಿ 11 ಗಂಟೆಗೆ ಅವಳ ಹೆಸರಿನಲ್ಲಿ ಒಂದು ಕೋಡ್ ತಿದ್ದುಪಡಿ ಸೇರಿದ್ದನ್ನು ನೋಡಿದೆ. ಬಡ್ಡಿ ಲೆಕ್ಕದಲ್ಲಿದ್ದ ಒಂದು ಚಿಕ್ಕ ದೋಷ. ಯಾರೂ ಕೇಳಿರಲಿಲ್ಲ, ತುರ್ತೂ ಇರಲಿಲ್ಲ. ಬೆಳಿಗ್ಗೆ ನಾನು ಬೈಯಲಿಲ್ಲ. "ಇದನ್ನ ನೋಟ್‌ಬುಕ್‌ನಲ್ಲಿ ಬರೆದೆಯಾ?" ಎಂದಷ್ಟೇ ಕೇಳಿದೆ. ಬರೆದಿದ್ದಳು. "ಹೊತ್ತು ಹೋದದ್ದೇ ತಿಳಿಯಲಿಲ್ಲ" ಎಂಬ ಸಾಲಿನಲ್ಲಿ.

ಇನ್ನೊಂದು ಮಾತುಕತೆ ನಮ್ಮ ತಂಡದ ಜೊತೆಗೇ. ಆಂಡ್ರಾಯ್ಡ್ ಹುಡುಗ ದಾರಿಯ ಪಟ್ಟಿಗೆ 8 ದಿನ ಬೇಕು ಎಂದ. ಅವಳು ತಕ್ಷಣ "ಎಂಟು ದಿನ ಯಾಕ? ಇದು ಎರಡು ದಿನದ್ ಕೆಲಸ ಅಲ್ವಾ?" ಎಂದಳು. ಅವನು ಸುಮ್ಮನಾದ. ಸಂಜೆ ನನ್ನ ಹತ್ತಿರ ಬಂದ. "ಸರ್ರ, ಅಕ್ಕಾರ ದಿನಾನೂ ಹೇಳಿದ್ರು, ಟೇಬಲ್ಲೂ ಬರದ್ರು. ನಾ ಏನ್ ಬರೇ ಟೈಪ್ ಮಾಡಬೇಕೇನ್ರಿ?" ಕೆಲಸ ಬಲ್ಲ ಪ್ರಾಡಕ್ಟ್ ಮ್ಯಾನೇಜರ್‌ನಿಂದ ತಂಡಕ್ಕೆ ಆಗುವ ದೊಡ್ಡ ನೋವು ಇದು. ಅಂದಾಜನ್ನು ಪ್ರಶ್ನಿಸುವುದು ತಪ್ಪಲ್ಲ. ಆದರೆ ತಾನೇ ಮಾಡಿದರೆ ಎಷ್ಟು ದಿನ ಎಂಬ ಲೆಕ್ಕವನ್ನು ಇನ್ನೊಬ್ಬರ ಮೇಲೆ ಹೊರಿಸಿದರೆ ಅವರು ಯೋಚಿಸುವುದನ್ನೇ ನಿಲ್ಲಿಸುತ್ತಾರೆ.

ಇದನ್ನು ಅವಳು ಬೇಗ ತಿದ್ದಿಕೊಂಡಳು. ಅದು ನನಗೆ ಬಹಳ ಮೆಚ್ಚುಗೆಯಾಯಿತು. ಮುಂದಿನ ದಾಖಲೆಯಲ್ಲಿ ಸಮಸ್ಯೆ ಏನು, ಯಾರದ್ದು, ಸರಿಹೋಯಿತು ಎಂದು ಹೇಗೆ ಗೊತ್ತಾಗುತ್ತದೆ, ಈ ಸಲ ಏನನ್ನು ಮಾಡುವುದಿಲ್ಲ ಎಂದು ಬರೆದಳು. "ಹೇಗೆ ಕಟ್ಟುವುದು" ಎಂಬ ತಲೆಬರಹದ ಕೆಳಗೆ ಖಾಲಿ ಜಾಗ ಬಿಟ್ಟಳು. ಆ ಜಾಗವನ್ನು ಆಂಡ್ರಾಯ್ಡ್ ಹುಡುಗ ತುಂಬಿದ. 8 ದಿನ ಎಂದದ್ದು 6 ದಿನದಲ್ಲಿ ಮುಗಿಯಿತು.

ಫೋನ್ ಕೂಡ ಕೊನೆಗೆ ಹೋಯಿತು. ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಅವಳು ಅವರನ್ನು ಒಂದು ಬೆಳಿಗ್ಗೆ ಗಣಪತ್ ಗಲ್ಲಿಗೆ ಕರೆದೊಯ್ದು ಹತ್ತು ಅಂಗಡಿ ತಿರುಗಿಸಿದಳು. ಆರನೇ ಅಂಗಡಿಯಲ್ಲೇ ಅವರು "ಆಯ್ತು ಬಿಡ್ರಿ, ಜಿಪಿಎಸ್ ಆಮ್ಯಾಲ ನೋಡೂಣು" ಎಂದರಂತೆ.

5 ಏಜೆಂಟರಿಗೆ ಹೊಸ ಆ್ಯಪ್ ಕೊಟ್ಟು ಎರಡು ವಾರ ನೋಡಿದೆವು. ಸಂಜೆ 6ರೊಳಗಿನ ಎಂಟ್ರಿ ಮೊದಲು 10ರಲ್ಲಿ 3 ಕೂಡ ಇರಲಿಲ್ಲ, ಈಗ 8 ಆಯಿತು. ಐವರಲ್ಲಿ ಒಬ್ಬರದ್ದು ಮಾತ್ರ ಸ್ವಲ್ಪವೂ ಬದಲಾಗಲಿಲ್ಲ. ಅದರ ಕಾರಣ ಆ್ಯಪ್‌ನಲ್ಲಿ ಇರಲಿಲ್ಲ, ಅದನ್ನು ಸಂಘವೇ ವಿಚಾರಿಸಿಕೊಳ್ಳಬೇಕಿತ್ತು. ಅವಳು ಅಂಕಿಯನ್ನು ಮುಚ್ಚಿಡದೆ ಹಾಗೇ ಕೊಟ್ಟಳು.

12ನೇ ವಾರ ಇಬ್ಬರೂ ನೋಟ್‌ಬುಕ್ ಹಿಡಿದು ಕೂತೆವು. ನನ್ನ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು. ಫಲಿತಾಂಶ ಇಷ್ಟು ಚೆನ್ನಾಗಿರುವಾಗ ಇನ್ನೇನು ನೋಡುವುದು? ಅವಳು "ಮೊದಲು ಓದೂಣ್ರಿ" ಎಂದಳು.

ನಾಳೆಗೆ ತಳ್ಳಿದ ಕೆಲಸಗಳನ್ನು ಒಂದು ಕಡೆ ಬರೆದೆವು. ಮೊದಲ 4 ವಾರ: ಸಂಘದ ಮ್ಯಾನೇಜರ್‌ಗೆ ಫೋನ್, ಮಾರಾಟದವರು ಮಾತುಕೊಟ್ಟು ಬಂದದ್ದಕ್ಕೆ ಇಲ್ಲ ಎನ್ನುವುದು, ಇಬ್ಬರು ಡೆವಲಪರ್‌ಗಳ ಜಗಳ ಬಿಡಿಸುವುದು. ಕೊನೆಯ 4 ವಾರ: ಇನ್ನೊಂದು ಸಂಘಕ್ಕೆ ಫೋನ್, ಮಾರಾಟದವರಿಗೆ ಮತ್ತೆ ಇಲ್ಲ ಎನ್ನುವುದು. ಒಂದು ವ್ಯತ್ಯಾಸ ಇತ್ತು. ಮೊದಲು 9 ದಿನ ತಳ್ಳುತ್ತಿದ್ದದ್ದು ಈಗ 2 ದಿನಕ್ಕೆ ಇಳಿದಿತ್ತು. ಅದನ್ನೇ ತೋರಿಸಿ "ನೋಡು, ಕಲಿಯುತ್ತಿದ್ದೀಯ" ಎಂದೆ.

ಅವಳು ಒಪ್ಪಿದಳು. ಆದರೆ ಮೂರನೇ ಸಾಲುಗಳ ಕಡೆ ಬೆರಳು ತೋರಿಸಿದಳು. ಹೊತ್ತು ಹೋದದ್ದು ತಿಳಿಯದ ಕೆಲಸಗಳೆಲ್ಲ ಒಂದೇ ಜಾತಿಯವು. ಡೇಟಾ ಅಗೆಯುವುದು, ಏಜೆಂಟರ ಹಿಂದೆ ನಡೆದು ನೋಡುವುದು, ಒಂದು ಸಮಸ್ಯೆಯ ಚಿತ್ರ ಬಿಡಿಸುವುದು, ಮತ್ತು ಆ ರಾತ್ರಿಯ ಕೋಡ್. ಅಷ್ಟೂ ಪುಟಗಳಲ್ಲಿ ಒಂದು ಮೀಟಿಂಗ್ ಕೂಡ ಆ ಸಾಲಿಗೆ ಬಂದಿರಲಿಲ್ಲ. "ಫೋನ್ ಮಾಡೂದು ಈಗ ಬರತೈತ್ರಿ ಸರ್ರ. ಆದ್ರ ಮಾಡೂ ಮುಂದ ಅರ್ಧ ದಿನ ಹೋಗತೈತಿ, ಮಾಡಿದ ಮ್ಯಾಲೆ ಇನ್ನರ್ಧ ದಿನ ಹೋಗತೈತಿ. ವಾರದಾಗ ಅಂಥಾವು ಎಷ್ಟು ಇರತಾವು, ನೀವs ಎಣಿಸ್ರಿ."

ಎಣಿಸಿದೆ. ಅವಳ ಕ್ಯಾಲೆಂಡರ್‌ನ ಹತ್ತಿರ ಹತ್ತಿರ ಅರ್ಧ, ಒಪ್ಪದವರ ಜೊತೆ ಕೂತು ಒಪ್ಪಿಸುವ ಕೆಲಸವೇ ಆಗಿತ್ತು. ಹುಡುಕಾಟ ಅವಳಿಗೆ ಇಷ್ಟ, ಆದರೆ ಅದು ವಾರಕ್ಕೆ ಒಂದು ದಿನವೂ ಸಿಗುತ್ತಿರಲಿಲ್ಲ. ಆವರೆಗೆ ನಾನು ನೋಡಿದ್ದು ಮಾಡಲು ಬರುತ್ತದಾ ಎಂಬುದನ್ನು ಮಾತ್ರ. ವರ್ಷಗಟ್ಟಲೆ ಮಾಡಿದರೆ ಈ ಮನುಷ್ಯಳಲ್ಲಿ ಏನು ಉಳಿಯುತ್ತದೆ ಎಂಬುದನ್ನು ಅವಳು ನೋಡಿದ್ದಳು. ನಾನು ಎರಡು ದಿನ ವಾದ ಮಾಡಿ ಕೊನೆಗೆ ಸುಮ್ಮನಾದೆ. ಅವಳು ಹೇಳಿದ್ದೇ ಸರಿ ಇತ್ತು.

ಇಷ್ಟು ಮಾತ್ರ ಸೇರಿಸಬೇಕು. ಈ ಪರೀಕ್ಷೆ ಅಳೆದದ್ದು ನಮ್ಮಂಥ ಚಿಕ್ಕ ಕಂಪನಿಯ ಪ್ರಾಡಕ್ಟ್ ಕೆಲಸವನ್ನು. ಇಲ್ಲಿ ಡಿಸೈನರ್ ಇಲ್ಲ, ಡೇಟಾ ನೋಡುವವರು ಬೇರೆ ಇಲ್ಲ, ಗಿರಾಕಿಯ ಸಿಟ್ಟು ಸೀದಾ ಬಂದು ತಾಗುತ್ತದೆ. ದೊಡ್ಡ ಕಂಪನಿಯಲ್ಲಿ ಬೇರೆ ಡೆವಲಪರ್‌ಗಳೇ ಬಳಸುವ ಎಪಿಐ ಅಥವಾ ಪೇಮೆಂಟ್ ವ್ಯವಸ್ಥೆಯಂಥ ಪ್ರಾಡಕ್ಟ್ ನೋಡಿಕೊಳ್ಳುವ ಕೆಲಸವಿದ್ದರೆ ಅದೇ ನೋಟ್‌ಬುಕ್ ಬೇರೆ ಉತ್ತರ ಕೊಡುತ್ತಿತ್ತೋ ಏನೋ. ಅಲ್ಲೂ ಒಪ್ಪಿಸುವ ಕೆಲಸ ತಪ್ಪುವುದಿಲ್ಲ, ಆದರೆ ಎದುರಿಗಿರುವವರು ಅವಳ ಭಾಷೆಯವರು.

ಅವಳು ವಾಪಸು ಬಂದು ಟೆಕ್ ಲೀಡ್ ಆದಳು. ಪ್ರಾಡಕ್ಟ್ ಜಾಗ ಮತ್ತೆ ಖಾಲಿ. ಆಗ ಅವಳೇ ಸಪೋರ್ಟ್ ಹುಡುಗನ ಹೆಸರು ಹೇಳಿದಳು. ಅವನು ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ಕೋಡ್ ಬರುವುದಿಲ್ಲವಲ್ಲ ಎಂದು. ಅವನಿಗೂ 4 ವಾರ ಅದೇ ನೋಟ್‌ಬುಕ್ ಕೊಟ್ಟೆವು. ಓದಿದರೆ ಇವಳದ್ದನ್ನು ತಿರುವಿ ಹಾಕಿದಂತಿತ್ತು. ಸಿಟ್ಟಾದ ಸಂಘದವರಿಗೆ ಫೋನ್ ಮಾಡುವುದು ಒಂದು ದಿನವೂ ಮುಂದಕ್ಕೆ ಹೋಗಿರಲಿಲ್ಲ. ಮಾರಾಟದವರ ಜೊತೆ ಎರಡು ತಾಸು ಜಗ್ಗಾಡಿದ್ದು "ಹೊತ್ತು ಹೋದದ್ದು ತಿಳಿಯಲಿಲ್ಲ" ಸಾಲಿನಲ್ಲಿತ್ತು. ತಳ್ಳುತ್ತಿದ್ದದ್ದು ಬರೆಯುವ ಕೆಲಸವನ್ನು. ಎರಡು ಪುಟದ ದಾಖಲೆಗೆ 6 ದಿನ ತೆಗೆದುಕೊಂಡಿದ್ದ. ಅವಳು ಜೊತೆಗೆ ಕೂತು ಬರೆಸಿದಳು. ಮೇಲಿನ ಕ್ವೆರಿಯಂಥ ನಾಲ್ಕೈದನ್ನು ಕಲಿಸಿಕೊಟ್ಟಳು. ಮೂರನೇ ದಾಖಲೆ ಅವನು ಒಂದೂವರೆ ದಿನದಲ್ಲಿ ಮುಗಿಸಿದ.

ಈಗ ಪ್ರತಿ ತಿಂಗಳ ಮೊದಲ ಗುರುವಾರ ಇಬ್ಬರೂ ಒಬ್ಬ ಏಜೆಂಟರ ಜೊತೆ ಪೇಟೆ ಸುತ್ತುತ್ತಾರೆ. ಕಳೆದ ಸಲ ಶಹಾಪುರಕ್ಕೆ ಹೋಗಿದ್ದರು. ವಾರದ ಕಂತಿನ ಸಾಲದ ವಸೂಲಿಗೂ ಇದೇ ಆ್ಯಪ್ ಬೇಕಂತೆ. ಅವನ ದಾಖಲೆ ಶುಕ್ರವಾರ ಬಂತು, "ಹೇಗೆ ಕಟ್ಟುವುದು" ಎಂಬುದರ ಕೆಳಗೆ ಖಾಲಿ ಜಾಗ ಬಿಟ್ಟು. ಸೋಮವಾರ ಬೆಳಿಗ್ಗೆ ನೋಡಿದರೆ ಅದು ಅವಳ ಕೈಬರಹದಲ್ಲಿ ತುಂಬಿತ್ತು.